ಮಾವನ ಕಾಲಿಗೆ ಬಗ್ಗಿದರೆ ಅವರೇ ಹಿಂದಕ್ಕೆ ಹಾರಿದರು. ಗೃಹಪ್ರವೇಶದ ದಿನ ಏನು ಮಾಡಲಿ?

ಬೆಣ್ಣೆನಗರಿಯವನು

ಮದುವೆಯಾಗಿ ಐದು ತಿಂಗಳಾಯಿತು. ನಾನು ದಾವಣಗೆರೆ ಕಡೆಯವನು, ಹೆಂಡತಿ ಕಾನ್ಪುರದವಳು. ಮದುವೆ ಅವರ ಊರಲ್ಲೇ, ಅವರ ಪದ್ಧತಿಯಲ್ಲೇ ನಡೆಯಿತು. ಅದಾದ ಮೇಲೆ ದೀಪಾವಳಿಗೆ ಮೊದಲ ಸಲ ಅವರ ಮನೆಗೆ ಹೋದೆ. ಬಾಗಿಲಲ್ಲಿ ಶೂ ಬಿಚ್ಚಿ, ಬ್ಯಾಗ್ ಕೆಳಗಿಟ್ಟು, ನಮ್ಮಪ್ಪ ಕಲಿಸಿದ ಹಾಗೆ ಮಾವನ ಕಾಲಿಗೆ ಬಗ್ಗಿದೆ. ಅವರು ಕೆಂಡ ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ಅತ್ತೆ ಓಡಿ ಬಂದು ನನ್ನ ಎರಡೂ ಭುಜ ಹಿಡಿದು ಎತ್ತಿದರು. ಅಷ್ಟರಲ್ಲಿ ಹೆಂಡತಿಯ ಸೋದರಮಾವ, ಅರವತ್ತು ದಾಟಿದ ಮನುಷ್ಯ, ನನ್ನ ಕಾಲಿಗೇ ಕೈ ಚಾಚಿದರು! ಈಗ ಹಿಂದಕ್ಕೆ ಹಾರುವ ಸರದಿ ನನ್ನದು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಇತ್ತ ನಮ್ಮಮ್ಮನದು ಬೇರೆಯೇ ದೂರು. ಸೊಸೆ ನಮ್ಮ ಮನೆಯಲ್ಲಿ ಎಲ್ಲರ ಕಾಲಿಗೂ ನಮಸ್ಕಾರ ಮಾಡುತ್ತಾಳೆ, ಆದರೆ ಅವಳ ಸ್ವಂತ ಅಪ್ಪ ಅಮ್ಮ ಬಂದಾಗ ಸುಮ್ಮನೆ ಹೋಗಿ ತಬ್ಬಿಕೊಂಡಳಂತೆ. "ಹೆತ್ತವರಿಗೇ ತಲೆ ಬಗ್ಗಿಸದವಳು ನಮಗೆ ಬಗ್ಗಿಸುವುದು ನಾಟಕ" ಎನ್ನುವವರೆಗೆ ಮಾತು ಹೋಗಿದೆ.

ಮುಂದಿನ ತಿಂಗಳು ನಮ್ಮ ಹೊಸ ಮನೆಯ ಗೃಹಪ್ರವೇಶ. ಎರಡೂ ಕಡೆಯವರು ಒಂದೇ ಸೂರಿನ ಕೆಳಗೆ ಸೇರುತ್ತಾರೆ. ನನ್ನ ಅಜ್ಜಿಗೆ 84, ಎರಡೂ ಮಂಡಿ ಆಪರೇಷನ್ ಆಗಿದೆ. ಯಾರು ಯಾರ ಕಾಲಿಗೆ ಬೀಳಬೇಕು, ಯಾರು ಬೀಳಬಾರದು? ಗೊತ್ತಿದ್ದವರು ಹೇಳಿ.

ನೇರನುಡಿ

ಕಾಲಿಗೆ ಬೀಳುವುದೇ ಗುಲಾಮಗಿರಿ. ಟಿಕೆಟ್ಟಿಗಾಗಿ ಎಪ್ಪತ್ತರ ಮುದುಕರು ನಲವತ್ತರ ನಾಯಕನ ಕಾಲಿಗೆ ಬೀಳುವುದನ್ನು ದಿನಾ ಟಿವಿಯಲ್ಲಿ ನೋಡುತ್ತಿದ್ದೇವೆ. ಇದನ್ನು ಕಾನೂನು ಮಾಡಿ ನಿಲ್ಲಿಸಬೇಕು.

ಬೆಣ್ಣೆನಗರಿಯವನು

ಸಾರ್, ನಾನು ಟಿಕೆಟ್ ಕೇಳಲು ಹೋಗಿರಲಿಲ್ಲ, ದೀಪಾವಳಿಗೆ ಹೋಗಿದ್ದೆ.

ಝಾನ್ಸಿ ಜಂಕ್ಷನ್

ರೈಲ್ವೆ ಕೆಲಸದಲ್ಲಿ ಝಾನ್ಸಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು. ನಿಮಗೆ ಆದದ್ದು ನನಗೂ ಆಗಿದೆ, ಅದೂ ಅಳಿಯನಾಗಿ ಅಲ್ಲ, ಬಾಡಿಗೆದಾರನಾಗಿ.

ಆ ಕಡೆ ಬಹಳಷ್ಟು ಮನೆಗಳಲ್ಲಿ ಹೆಣ್ಣುಮಗಳೆಂದರೆ ದೇವಿ. ನವರಾತ್ರಿಯಲ್ಲಿ ಚಿಕ್ಕ ಹೆಣ್ಣುಮಕ್ಕಳನ್ನು ಕೂರಿಸಿ ಕಾಲು ತೊಳೆದು ಊಟ ಹಾಕುತ್ತಾರಲ್ಲ, ಅದರದೇ ಮುಂದುವರಿಕೆ ಇದು. ಪೂಜೆ ಮಾಡಿಸಿಕೊಂಡವಳ ಕೈಯಲ್ಲಿ ತಮ್ಮ ಕಾಲು ಮುಟ್ಟಿಸಿಕೊಂಡರೆ ಪಾಪ ಬರುತ್ತದೆ ಅನ್ನುವ ಲೆಕ್ಕ. ಹಾಗಾಗಿ ಮಗಳು ಬಗ್ಗಿದರೆ ಅಪ್ಪನೇ ತಡೆಯುತ್ತಾನೆ, ಅಷ್ಟೇ ಏಕೆ, ಅಪ್ಪನೇ ಮಗಳ ಕಾಲು ಮುಟ್ಟುವ ಮನೆಗಳೂ ಇವೆ. ನಿಮ್ಮ ಹೆಂಡತಿ ಹೆತ್ತವರಿಗೆ ಅಗೌರವ ತೋರಿಸಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು ಹಾಗೆ ಮಾಡಲು ಬಿಟ್ಟೇ ಇಲ್ಲ. ಅದೇ ಹುಡುಗಿ ಅತ್ತೆ ಮನೆಗೆ ಬಂದ ಕೂಡಲೇ ಎಲ್ಲರ ಕಾಲಿಗೂ ಬೀಳಬೇಕು, ಅದು ಸೊಸೆಯ ನಿಯಮ. ಎರಡನ್ನೂ ಅವಳು ಸರಿಯಾಗಿಯೇ ಪಾಲಿಸಿದ್ದಾಳೆ. ಇಷ್ಟನ್ನು ನಿಮ್ಮ ಅಮ್ಮನಿಗೆ ತಿಳಿಸಿ ಹೇಳಿದರೆ ಸಾಕು.

ಇನ್ನು ನೀವು. ಮದುವೆ ದಿನ ಪರಾತದಲ್ಲಿ ನಿಮ್ಮ ಕಾಲಿಟ್ಟು ತೊಳೆದಿದ್ದು ನೆನಪಿದೆಯಾ? ಅಪ್ಪ ಅಮ್ಮ ಆದಮೇಲೆ ಚಿಕ್ಕಪ್ಪ, ಸೋದರಮಾವ ಎಲ್ಲರೂ ಸರದಿಯಲ್ಲಿ ಬಂದು ತೊಳೆದಿರಬೇಕು. ಪಾಂವ್ ಪೂಜನ್ ಅನ್ನುತ್ತಾರೆ. ಅವತ್ತು ಕಾಲು ತೊಳೆದವರು ಇವತ್ತು ನಿಮ್ಮಿಂದ ಕಾಲು ಮುಟ್ಟಿಸಿಕೊಳ್ಳುವುದಿಲ್ಲ. ಬುಂದೇಲ್‌ಖಂಡದಲ್ಲಂತೂ ಸೋದರಮಾವ ತಂಗಿಯ ಮಗನ ಕಾಲು ಮುಟ್ಟುತ್ತಾನೆ, ಹುಡುಗ ಮೂರು ವರ್ಷದವನಾದರೂ ಸರಿ. ನಮ್ಮ ಓನರ್ ಬೆಳಗ್ಗೆ ಎದ್ದು ಚಡ್ಡಿ ಹಾಕದ ಸೋದರಳಿಯನ ಕಾಲು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದನ್ನು ಮೊದಲ ಸಲ ನೋಡಿದಾಗ ನನಗೆ ತಲೆ ಕೆಟ್ಟಿತ್ತು.

ಪುರೋಹಿತರ ಮಗ

ಝಾನ್ಸಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಅಪ್ಪನ ಜೊತೆ ಮದುವೆ ಮನೆಗಳಿಗೆ ಹೋಗಿ ಹೋಗಿ ನಾನೂ ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕಾಲು ತೊಳೆಯುವುದು ನಮ್ಮಲ್ಲೂ ಇದೆ. ಧಾರೆಗೆ ಮುಂಚೆ ಹೆಣ್ಣಿನ ತಾಯಿ ನೀರು ಹಾಕುತ್ತಾರೆ, ತಂದೆ ವರನ ಪಾದ ತೊಳೆಯುತ್ತಾರೆ. ವರ ಆಗ ಲಕ್ಷ್ಮೀನಾರಾಯಣ ಸ್ವರೂಪ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಆ ಸ್ವರೂಪ ಮಂಟಪದ ಮೇಲೆ ಮಾತ್ರ. ಮಾಂಗಲ್ಯಧಾರಣೆ, ಸಪ್ತಪದಿ ಎಲ್ಲ ಮುಗಿದ ಮೇಲೆ ನಾವೇ "ಈಗ ಇಬ್ಬರೂ ಅತ್ತೆ ಮಾವನಿಗೆ ನಮಸ್ಕಾರ ಮಾಡಿ" ಎನ್ನುತ್ತೇವೆ. ಬೆಳಗ್ಗೆ ದೇವರಾಗಿದ್ದವನು ಮಧ್ಯಾಹ್ನದ ಊಟಕ್ಕೆ ಮಗನ ಸಮಾನ. ಅವರಲ್ಲಿ ಆ ದೇವರ ಪಟ್ಟ ಇಳಿಯುವುದೇ ಇಲ್ಲ. ಶುರುವಾಗುವ ಜಾಗ ಎರಡೂ ಕಡೆ ಒಂದೇ, ನಿಲ್ಲುವ ಜಾಗ ಬೇರೆ.

ನಿಮ್ಮ ಮಾವ ಹಿಂದೆ ಸರಿದರೆ ಅಲ್ಲಿಗೇ ಬಿಟ್ಟುಬಿಡಿ. ಬಲವಂತವಾಗಿ ಹಿಡಿದು ಮಾಡುವುದು ನಮಸ್ಕಾರವಲ್ಲ, ಕುಸ್ತಿ. ಕೈ ಮುಗಿದು ಸ್ವಲ್ಪ ಬಾಗಿದರೆ ಅವರಿಗೂ ನೆಮ್ಮದಿ.

ಅಲೆ ತರಂಗ

ಇದರ ಹಿಂದೆ ದೊಡ್ಡ ವಿಜ್ಞಾನ ಇದೆ. ಹಿರಿಯರ ಕಾಲ್ಬೆರಳಿನಿಂದ ಪಾಸಿಟಿವ್ ಎನರ್ಜಿ ಹೊರಗೆ ಬರುತ್ತದೆ. ಅದಕ್ಕೇ ಕೈ ಕತ್ತರಿ ಹಾಕಿ ಬಲಗೈಯಿಂದ ಬಲಗಾಲು, ಎಡಗೈಯಿಂದ ಎಡಗಾಲು ಮುಟ್ಟಬೇಕು. ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಅವರು ತಲೆ ಮುಟ್ಟಿದಾಗ ಎನರ್ಜಿ ನಮಗೆ ಹರಿಯುತ್ತದೆ. ಶಾಸ್ತ್ರದಲ್ಲೇ ಇದೆ.

ಪುರೋಹಿತರ ಮಗ

ಕೈ ಕತ್ತರಿ ಹಾಕುವ ಮಾತು ನಿಜ, ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿದೆ. ಗುರುವಿನ ಪಾದ ಹಿಡಿಯುವಾಗ ಕೈಗಳನ್ನು ಅದಲುಬದಲು ಮಾಡಿ ಬಲದಿಂದ ಬಲವನ್ನು, ಎಡದಿಂದ ಎಡವನ್ನು ಮುಟ್ಟಬೇಕು ಎಂದು. ಎದುರು ನಿಂತವರ ಬಲಗಾಲು ನಮ್ಮ ಎಡಕ್ಕಿರುತ್ತದಲ್ಲ, ಅದಕ್ಕೆ ಕತ್ತರಿ. ಸರ್ಕ್ಯೂಟ್, ಎನರ್ಜಿ ಎಲ್ಲ ಅಲ್ಲಿಲ್ಲ, ಅದು ಈಗಿನವರು ಅಂಟಿಸಿದ್ದು. ಅದೇ ಅಧ್ಯಾಯದಲ್ಲಿ ಪ್ರಾಣದ ಮಾತು ಬರುತ್ತದೆ: ಹಿರಿಯರು ಬಂದಾಗ ಕಿರಿಯನ ಪ್ರಾಣ ಮೇಲಕ್ಕೆ ಹೊರಡುತ್ತದೆ, ಎದ್ದು ನಿಂತು ವಂದಿಸಿದರೆ ಮತ್ತೆ ನೆಲೆಗೆ ಬರುತ್ತದೆ ಎಂದು. ಮೇಷ್ಟ್ರು ದಿಢೀರನೆ ಕ್ಲಾಸಿಗೆ ಬಂದಾಗ ಆಗುತ್ತಿತ್ತಲ್ಲ, ಅದೇ. ಅದಕ್ಕೆ ಕರೆಂಟ್ ಬೇಕಿಲ್ಲ.

ಶಾಸ್ತ್ರ ಎಂದಿರಲ್ಲ, ಮಾಡಬಾರದ ಹೊತ್ತನ್ನೂ ಅದು ಹೇಳುತ್ತದೆ, ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಆಪಸ್ತಂಬ ಧರ್ಮಸೂತ್ರದಲ್ಲಿ ಪಾದರಕ್ಷೆ ಹಾಕಿಕೊಂಡು, ತಲೆಗೆ ಸುತ್ತಿಕೊಂಡು, ಕೈಯಲ್ಲಿ ಏನಾದರೂ ಹಿಡಿದುಕೊಂಡು ವಂದಿಸಬಾರದು ಎಂದಿದೆ. ಅಶುಚಿಯಲ್ಲಿದ್ದವರು ವಂದಿಸಬಾರದು, ಅಶುಚಿಯಲ್ಲಿದ್ದವರಿಗೂ ವಂದಿಸಬಾರದು. ಸೂತಕದ ಮನೆಯಲ್ಲಿ ನಮಸ್ಕಾರ ಮಾಡದಿರುವುದು ಇದೇ ಲೆಕ್ಕ. ಮಲಗಿದವರಿಗೆ ಮಾಡಬಾರದು ಅನ್ನುವುದು ನಮ್ಮ ಹಳ್ಳಿ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಮಲಗಿದ ದೇಹಕ್ಕೆ ಎಲ್ಲರೂ ಸರದಿಯಲ್ಲಿ ಬಗ್ಗುವುದು ಒಂದೇ ಸಂದರ್ಭದಲ್ಲಿ. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರ ಪಾದ ಮುಟ್ಟಲು ಹೋಗುವವರಿಗೆ ಇದನ್ನು ಮೆಲ್ಲಗೆ ಹೇಳಿ.

ಮಲೆನಾಡ ಮಾಲಿನಿ

ಮಡಿಯನ್ನು ಮರೆತಿರಾ ಪುರೋಹಿತರೇ? ನಮ್ಮಜ್ಜಿ ಒದ್ದೆ ಸೀರೆಯಲ್ಲಿ ಅಡುಗೆಮನೆಗೆ ಹೋಗುತ್ತಿದ್ದರು. ನಾವು ಹಾಸ್ಟೆಲ್‌ನಿಂದ ಆರು ತಿಂಗಳಿಗೆ ಬಂದು ಓಡಿದರೆ "ಅಲ್ಲೇ ನಿಲ್ಲು, ಅಲ್ಲಿಂದಲೇ ಮಾಡು" ಅನ್ನುತ್ತಿದ್ದರು. ಹೊಸಿಲಿನ ಆಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಅಜ್ಜಿ ಸೌಟು ಹಿಡಿದೇ "ಚೆನ್ನಾಗಿರು" ಅನ್ನುತ್ತಿದ್ದರು. ಕಾಲು ಮುಟ್ಟದಿದ್ದರೆ ನಮಸ್ಕಾರವಲ್ಲ ಎನ್ನುವವರು ಆ ಹೊಸಿಲನ್ನು ನೋಡಿಲ್ಲ.

ಈಗ ನನ್ನ ಕಥೆ, ಮೂಲ ಪ್ರಶ್ನೆಯ ಅಜ್ಜಿಗೆ ಸಂಬಂಧಿಸಿದ್ದು. ಎರಡು ವರ್ಷದ ಹಿಂದೆ ನಮ್ಮ ಮೈದುನನ ಮದುವೆಯ ಆರತಕ್ಷತೆ. ನಮ್ಮತ್ತೆಗೆ 76, ಸಕ್ಕರೆ ಕಾಯಿಲೆ, ಪಾದದಲ್ಲಿ ಸ್ಪರ್ಶವೇ ಕಡಿಮೆ. ವೇದಿಕೆಯಿಂದ ಇಳಿದು ನಿಂತಿದ್ದರು. ಒಬ್ಬ ಹುಡುಗ ಹಿಂದಿನಿಂದ ಬಂದು ಗಬಕ್ಕನೆ ಬಗ್ಗಿ ಕಾಲು ಮುಟ್ಟಿದ. ಅವರಿಗೆ ಕಾಲಿಗೆ ಏನೋ ತಗುಲಿತೆಂದು ಅರೆಬರೆ ಗೊತ್ತಾಗಿ, ಸಂಕೋಚಕ್ಕೆ "ಬೇಡಪ್ಪ ಬೇಡ" ಎನ್ನುತ್ತಾ ಹಿಂದೆ ಹೆಜ್ಜೆ ಇಟ್ಟರು. ಹಿಂದೆ ಕುರ್ಚಿಯ ಕಾಲು. ಬಿದ್ದರು. ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಆ ಹುಡುಗ ಇವತ್ತಿಗೂ ಅತ್ತು ಕ್ಷಮೆ ಕೇಳುತ್ತಾನೆ, ಅವನ ತಪ್ಪೂ ಇಲ್ಲ.

ಆಮೇಲೆ ನಾವು ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡೆವು. ಅತ್ತೆಯನ್ನು ಕೈಯಿರುವ ಗಟ್ಟಿ ಕುರ್ಚಿಯಲ್ಲಿ, ಬೆನ್ನಿಗೆ ಗೋಡೆ ಬರುವ ಹಾಗೆ ಕೂರಿಸುತ್ತೇವೆ. ಬಂದವರು ಎದುರಿನಿಂದಲೇ ಬರಬೇಕು, ಮೊದಲು "ಅಮ್ಮ, ನಮಸ್ಕಾರ ಮಾಡ್ತೀನಿ" ಎಂದು ಬಾಯಲ್ಲಿ ಹೇಳಬೇಕು, ಅವರು ನೋಡಿದ ಮೇಲೆ ಬಗ್ಗಬೇಕು. ಪಾದದ ಮುಂದಿನ ನೆಲ ಮುಟ್ಟಿದರೆ ಸಾಕು. ಅಕ್ಷತೆ ಬಟ್ಟಲು ಅವರ ತೊಡೆಯ ಮೇಲಿರುತ್ತದೆ, ಬಗ್ಗಿ ಎತ್ತುವ ಕೆಲಸವಿಲ್ಲ. ಹತ್ತು ಜನ ಆದ ಮೇಲೆ ನಾನು ಹೋಗಿ "ಅಮ್ಮನಿಗೆ ಸುಸ್ತಾಯ್ತು, ಇನ್ನು ಕೈ ಮುಗೀರಿ" ಎನ್ನುತ್ತೇನೆ. ಕೆಟ್ಟವಳಾಗುವ ಕೆಲಸ ನನ್ನ ಪಾಲಿಗೆ, ಪರವಾಗಿಲ್ಲ.

ಧಾರವಾಡ ಪೇಡೆ

ನಮ್ಮ ಕಡೆ ದಸರಾಕ್ಕ ಬನ್ನಿ ಕೊಡೋದು ಅದಲ್ರಿ, ಅವತ್ತ ಇಡೀ ಓಣಿ ತಿರಗಿ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹಿರ್ಯಾರ ಕಾಲ ಮುಟ್ಟತೇವಿ. ಜಾತಿ ಗೀತಿ ನೋಡಂಗಿಲ್ಲ, ವಯಸ್ಸಷ್ಟ ನೋಡೋದು. ಆದ್ರ ನಮ್ಮ ಸಣ್ಣ ಕಾಕಾ ನನಗಿಂತ ಎರಡ ವರ್ಷ ಸಣ್ಣಾಂವ. ವಾವೆಯೊಳಗ ದೊಡ್ಡಾಂವ. ಅವಂಗ ಬನ್ನಿ ಕೊಟ್ಟು ಕಾಲಿಗೆ ಬೀಳ್ಬೇಕೋ ಬ್ಯಾಡೋ ಅಂತ ಮೂವತ್ತ ವರ್ಷದಿಂದ ನಮ್ಮಿಬ್ರ ನಡುವ ಪಂಚಾಯ್ತಿ. ಈಗ ಇಬ್ರೂ ಅರ್ಧ ಬಗ್ಗಿ ಅರ್ಧಕ್ಕ ತಬ್ಬಿಕೋತೇವಿ. ಇದಕ್ಕ ಶಾಸ್ತ್ರ ಏನ್ ಹೇಳತದ್ರಿ ಪುರೋಹಿತ್ರ?

ಪುರೋಹಿತರ ಮಗ

ಶಾಸ್ತ್ರ ಏನಾದರೂ ಹೇಳಲಿ, ನೀವಿಬ್ಬರೂ ಮಾಡುತ್ತಿರುವುದೇ ಸರಿ.

ಕೆಂಪುಮಣ್ಣು

ಮನು, ಆಪಸ್ತಂಬ ಎಲ್ಲ ಆಯ್ತು. ನಮ್ಮೂರಲ್ಲಿ ಆ ಪುಸ್ತಕ ಯಾರೂ ಓದಿಲ್ಲ ಕಣ್ರೀ, ಆದರೂ ಕಾಲಿಗೆ ಬೀಳುವುದು ಬೇಕಾದಷ್ಟಿತ್ತು. ನಮ್ಮ ತಾತ ಊರಿನ ದೊಡ್ಡಮನೆ ಮುಂದೆ ಹೋದರೆ ದೂರದಲ್ಲೇ ನೆಲಕ್ಕೆ ಬಿದ್ದು "ಅಡ್ಡಬಿದ್ದೆ ಬುದ್ಧಿ" ಅನ್ನಬೇಕಿತ್ತು. ಆ ಕಡೆ ಜಗಲಿ ಮೇಲೆ ಕೂತಿರುತ್ತಿದ್ದವನು ತಾತನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಪಾದ ಮುಟ್ಟುವ ಪ್ರಶ್ನೆಯೇ ಇರಲಿಲ್ಲ, ಮುಟ್ಟುವ ಹಾಗಿರಲಿಲ್ಲ. ಅದಕ್ಕೇ ನಮ್ಮಪ್ಪ ನಮಗೆ ಹೇಳಿದ್ದು ಒಂದೇ ಮಾತು: ಮನೆಯವರನ್ನು ಬಿಟ್ಟು ಯಾರ ಕಾಲಿಗೂ ಬೀಳಬೇಡಿ, ಜೈ ಭೀಮ್ ಅಂದರೆ ಸಾಕು. ನಾನು ಅಪ್ಪ ಅಮ್ಮನ ಕಾಲು ಮುಟ್ಟುತ್ತೇನೆ. ಮೇಷ್ಟ್ರ ಕಾಲು ಮುಟ್ಟಿಲ್ಲ, ಆಫೀಸರ್ ಕಾಲಂತೂ ಇಲ್ಲವೇ ಇಲ್ಲ. ಇದನ್ನು ಸೊಕ್ಕು ಅಂದವರಿದ್ದಾರೆ.

ಮೇಲೆ ನೇರನುಡಿ ಅವರು ವಿಷಯ ಬಿಟ್ಟು ಮಾತಾಡಿದರೂ ಪೂರ್ತಿ ತಪ್ಪಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಇದೇ ಎಚ್ಚರ ಕೊಟ್ಟಿದ್ದರು, ಎಷ್ಟೇ ದೊಡ್ಡವನಾದರೂ ಒಬ್ಬನ ಪಾದದ ಬಳಿ ನಿಮ್ಮ ಸ್ವಾತಂತ್ರ್ಯ ಇಡಬೇಡಿ ಅಂತ. ನಿಮ್ಮ ಗೃಹಪ್ರವೇಶಕ್ಕೆ ಇದು ಸಂಬಂಧವಿಲ್ಲ, ಬಿಡಿ. ಆದರೆ ನಿಮ್ಮ ಕಡೆಯ ಯಾರಾದರೂ ಬಂದವರು ಕೈ ಮಾತ್ರ ಮುಗಿದರೆ, ಸಂಸ್ಕಾರ ಇಲ್ಲದವರು ಅಂದುಕೊಳ್ಳುವ ಮುಂಚೆ ಅವರ ತಾತ ಎಲ್ಲೆಲ್ಲಿ ಬಿದ್ದಿದ್ದರೋ ಯೋಚಿಸಿ.

ಬೆಣ್ಣೆನಗರಿಯವನು

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಆಫೀಸಿನ ಗೆಳೆಯರೂ ಬರುತ್ತಾರೆ, ಯಾರಿಗೂ "ಅಜ್ಜಿಗೆ ನಮಸ್ಕಾರ ಮಾಡು" ಎಂದು ನಾನು ಹೇಳುವುದಿಲ್ಲ.

ಬಿಜಾಪುರದ ಬಶೀರ್

ಗೆಳೆಯನ ಜಾಗದಲ್ಲಿ ನಾನಿದ್ದೇನೆ, ಹೇಳುತ್ತೇನೆ. ನಮ್ಮಲ್ಲಿ ದೇವರನ್ನು ಬಿಟ್ಟು ಬೇರೆಯವರ ಮುಂದೆ ತಲೆ ನೆಲಕ್ಕೆ ಹಚ್ಚುವ ಹಾಗಿಲ್ಲ. ಗೆಳೆಯನ ಮದುವೆಯಲ್ಲಿ ಸಾಲಿನಲ್ಲಿ ನಿಂತಾಗ ಅವನ ಅಜ್ಜನ ಮುಂದೆ ಬಂದು ಎದೆ ಮೇಲೆ ಕೈಯಿಟ್ಟೆ. ಹಿಂದಿದ್ದವರು ಯಾರೋ "ಬಗ್ಗಪ್ಪ" ಅಂದರು. ಅಜ್ಜ ಅವರನ್ನು ಗದರಿಸಿ, ನನ್ನ ತಲೆ ಮೇಲೆ ಕೈಯಿಟ್ಟು ಅದೇ ಅಕ್ಷತೆ ಹಾಕಿದರು. ನಮ್ಮ ದಾದಿ, ಅಂದರೆ ಅಪ್ಪನ ಅಮ್ಮ, ಅವರೂ ಹಾಗೇ ತಲೆ ಸವರಿ ದುವಾ ಕೊಡುತ್ತಾರೆ. ಅಂದರೆ ಮೇಲಿನಿಂದ ಬರುವುದು ಎರಡೂ ಕಡೆ ಒಂದೇ, ಕೆಳಗೆ ಹೋಗುವುದು ಮಾತ್ರ ಬೇರೆ.

ಅಲೆ ತರಂಗ

ಅಜ್ಜಿ ವಿಷಯಕ್ಕೆ ಒಂದು ಮಾತು, ತಪ್ಪು ತಿಳಿಯಬೇಡಿ. ಅಜ್ಜ ಇಲ್ಲ ಅಂದುಕೊಳ್ಳುತ್ತೇನೆ. ಶುಭಕಾರ್ಯದ ದಿನ ಮೊದಲು ಮುತ್ತೈದೆಯರಿಗೆ ನಮಸ್ಕಾರ ಮಾಡಿ, ಆಮೇಲೆ ಅವರಿಗೆ. ಹಿಂದಿನಿಂದ ಬಂದದ್ದು.

ಸುಮ್ನೆ ಸುಮ

ತಪ್ಪು ತಿಳಿಯಬೇಡಿ ಎಂದು ಶುರು ಮಾಡಿದಾಗಲೇ ಗೊತ್ತಾಯಿತು. 84 ವರ್ಷದ ಅಜ್ಜಿ ಆ ಮನೆ ಮಗನನ್ನು ಎತ್ತಿ ಆಡಿಸಿದವರು, ಅವರಿಗೆ ಎರಡನೇ ಸರದಿಯಾ? ಇದರಲ್ಲಿ ನನಗೆ ಇನ್ನೂ ಒಂದು ತಕರಾರಿದೆ. ಮೇಲಿಂದ ಓದಿಕೊಂಡು ಬನ್ನಿ. ಅಳಿಯ ಬಗ್ಗಿದರೆ ಹತ್ತು ಜನ ಎತ್ತುತ್ತಾರೆ. ಮಗಳು ಬಗ್ಗಿದರೆ ದೇವಿ ಎಂದು ತಡೆಯುತ್ತಾರೆ. ಅದೇ ದೇವಿ ಸೊಸೆಯಾದ ದಿನವೇ ಇಡೀ ಮನೆಗೆ ಬಗ್ಗಬೇಕು, ಅವಳನ್ನು ಎತ್ತುವವರು ಯಾರೂ ಇಲ್ಲ. ನನ್ನ ಮದುವೆಯಲ್ಲಿ ನಾನು ಎಣಿಸಿದ್ದೇನೆ, ಗಂಡನ ಕಡೆಯವರು 61 ಜನ. ರೇಷ್ಮೆ ಸೀರೆ, ಜಡೆ, ಸೊಂಟದ ಪಟ್ಟಿ, ಎಲ್ಲ ಹೊತ್ತುಕೊಂಡು. ಕೊನೆಕೊನೆಗೆ ಫೋಟೋದವರು "ಮೇಡಂ ಇನ್ನೊಂದ್ಸಲ ಬಗ್ಗಿ, ಫ್ಲಾಶ್ ಬರ್ಲಿಲ್ಲ" ಅಂದರು.

ಪುರೋಹಿತರ ಮಗ

ಮುತ್ತೈದೆಯರು ಮೊದಲು ಎನ್ನುವುದು ಅನೇಕ ಮನೆಗಳ ರೂಢಿ, ಇಲ್ಲ ಎನ್ನಲಾರೆ. ಆದರೆ ಉಪನಯನದಲ್ಲಿ, ಮದುವೆಯಲ್ಲಿ ನಾನು ತಾಯಿಗೇ ಮೊದಲು ಮಾಡಿಸುತ್ತೇನೆ, ತಂದೆ ಇರಲಿ ಬಿಡಲಿ. ಯಾರಾದರೂ ಗೊಣಗಿದರೆ ತೈತ್ತಿರೀಯದ "ಮಾತೃದೇವೋ ಭವ" ಹೇಳುತ್ತೇನೆ, ಅದರಲ್ಲಿ ಗಂಡ ಬದುಕಿದ್ದರೆ ಮಾತ್ರ ಎಂದು ಎಲ್ಲೂ ಇಲ್ಲ. ಕೆಲವು ಮನೆಗಳಲ್ಲಿ ಒಪ್ಪಿದ್ದಾರೆ. ಎರಡು ಮನೆಗಳಲ್ಲಿ ಮುಂದಿನ ಕಾರ್ಯಕ್ಕೆ ಬೇರೆಯವರನ್ನು ಕರೆಸಿದರು.

ಸುಮಾ ಅವರ ತಕರಾರಿಗೆ ನನ್ನಲ್ಲಿ ಉತ್ತರವಿಲ್ಲ. ಒಂದು ಮಾತ್ರ ಹೇಳಬಲ್ಲೆ, ಅದೇ ಮನುಸ್ಮೃತಿಯಲ್ಲಿ ವಂದನೆಗೆ ತಿರುಗಿ ಹರಸಲು ತಿಳಿಯದವನಿಗೆ ವಂದಿಸಲೇಬಾರದು ಎಂದಿದೆ. ಮೊಬೈಲ್ ನೋಡುತ್ತಾ ಕಾಲು ಚಾಚುವ ದೊಡ್ಡವರಿಗೆ ಇದನ್ನು ಓದಿ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ಅಲೆ ತರಂಗ

ರೂಢಿ ಎಂದು ನೀವೇ ಒಪ್ಪಿದಿರಲ್ಲ. ನಾನು ಹೇಳಿದ್ದೂ ಅಷ್ಟೇ.

ಸುಮ್ನೆ ಸುಮ

ಒಪ್ಪಿದ್ದು ಇದೆ ಅಂತ, ಇರಲಿ ಅಂತಲ್ಲ.

ಬೆಣ್ಣೆನಗರಿಯವನು

ಐದು ವಾರ ಆದಮೇಲೆ ಬರುತ್ತಿದ್ದೇನೆ, ಕಾರ್ಯ ಮುಗಿಯಿತು.

ಅಮ್ಮನಿಗೆ ನಾನು ಹೇಳಿದ್ದಕ್ಕಿಂತ ನನ್ನ ಹೆಂಡತಿ ಹೇಳಿದ್ದು ನಾಟಿತು. ಅವಳು ನವರಾತ್ರಿಯದೊಂದು ಹಳೇ ಫೋಟೋ ತೋರಿಸಿದಳು, ಆರು ವರ್ಷದವಳಿದ್ದಾಗ ಅವಳ ಅಪ್ಪ ತಟ್ಟೆಯಲ್ಲಿ ಅವಳ ಕಾಲು ತೊಳೆಯುತ್ತಿರುವುದು. ಅಮ್ಮ ತುಂಬಾ ಹೊತ್ತು ನೋಡಿ "ನಿಮ್ಮಪ್ಪನಿಗೆ ಆಗ ತಲೆ ತುಂಬಾ ಕೂದಲಿತ್ತಲ್ಲೇ" ಅಂದರು. ನಾಟಕದ ಮಾತು ಆಮೇಲೆ ಬರಲಿಲ್ಲ.

ಅಜ್ಜಿಯನ್ನು ಮಾಲಿನಿ ಅವರು ಹೇಳಿದ ಹಾಗೆ ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂರಿಸಿದೆವು, ಅಕ್ಷತೆ ತೊಡೆ ಮೇಲೆ. ಹೋಮ ಮುಗಿದ ಕೂಡಲೇ ನಾವಿಬ್ಬರೂ ಮೊದಲು ಹೋಗಿದ್ದು ಅಲ್ಲಿಗೇ. ದೊಡ್ಡತ್ತೆ ಒಬ್ಬರು "ಮೊದಲು ಮುತ್ತೈದೇರಿಗೆ" ಅಂದರು. ಹೆಂಡತಿಗೆ ಆ ಪದ ಅರ್ಥವಾಗಲಿಲ್ಲ, ನಾನು ಕೇಳಿಸದವನ ಹಾಗೆ ಇದ್ದೆ. ದೊಡ್ಡತ್ತೆ ಊಟಕ್ಕೆ ನಿಲ್ಲದೆ ಹೋದರು. ಅದಿನ್ನೂ ಸರಿಹೋಗಿಲ್ಲ.

ಮಾವನ ಮುಂದೆ ಕೈ ಮುಗಿದು ನಿಂತೆ. ಅವರೂ ಕೈ ಮುಗಿದರು. ಆಮೇಲೆ ಅವರು ಹೋಗಿ ನಮ್ಮಜ್ಜಿಯ ಮುಂದೆ ಕೂತು ಪಾದ ಮುಟ್ಟಿದರು. ಅಜ್ಜಿ ಅಕ್ಷತೆ ಹಾಕಿ, ಹಿಂದಿ ಬಾರದೆ ಕನ್ನಡದಲ್ಲೇ "ಮಗಳನ್ನ ಚೆನ್ನಾಗಿ ಬೆಳೆಸಿದೀಯಪ್ಪ" ಅಂದರು. ಏನೆಂದರು ಎಂದು ಅವರು ನನ್ನ ಮುಖ ನೋಡಿದರು.

ಧಾರವಾಡ ಪೇಡೆ

ಸೋದರಮಾವ ಬಂದಿದ್ರೇನ್ರಿ? ನಿಮ್ಮ ಕಾಲಿಗೆ ಕೈ ಹಾಕಿದ್ರೋ ಇಲ್ಲೋ ಹೇಳ್ಲೇ ಇಲ್ಲ.

ಬೆಣ್ಣೆನಗರಿಯವನು

ಬಂದಿದ್ದರು. ಇಡೀ ದಿನ ಅವರು ಹತ್ತಿರ ಬಂದಾಗೆಲ್ಲ ನಾನು ಕೈಯಲ್ಲಿ ಏನಾದರೊಂದು ತಟ್ಟೆ ಹಿಡಿದು ಓಡಾಡಿದೆ. ಸಂಜೆ ಟ್ಯಾಕ್ಸಿ ಹತ್ತುವಾಗ ಹಿಡಿದೇಬಿಟ್ಟರು.